ತುಪ್ಪದ ರೇಟು ಏರಿದಾಗ ಮೈಸೂರು ಪಾಕಿಗೆ ಎಷ್ಟು ಏರಿಸಬೇಕು: ನನ್ನ ಲೆಕ್ಕ

ತುಪ್ಪ ತುಟ್ಟಿಯಾದ ಕೂಡಲೇ ಬೋರ್ಡಿನ ಮೇಲಿರುವ ಎಲ್ಲ ಸಿಹಿಗೂ ಶೇಕಡಾ 10 ಹಾಕಿಬಿಡುವುದು ನಮ್ಮ ಕಸುಬಿನಲ್ಲಿ ಹಳೆಯ ರೂಢಿ. ಇದರಿಂದ ಎರಡೂ ಕಡೆ ನಷ್ಟ. ತುಪ್ಪ ಅಷ್ಟಾಗಿ ಹಿಡಿಯದ ಬಾದುಶಾ, ಜಿಲೇಬಿ ಸುಮ್ಮನೆ ದುಬಾರಿಯಾಗಿ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಮೈಸೂರು ಪಾಕಿನಲ್ಲಿ ಮಾತ್ರ ಏರಿಸಿದ್ದು ಸಾಲದೆ ಕೈಯಿಂದಲೇ ಹೋಗುತ್ತಿರುತ್ತದೆ. ಪ್ರತಿ ಸಿಹಿಗೂ ಬೇರೆ ಲೆಕ್ಕ, ಅದೂ ಶೇಕಡಾದಲ್ಲಲ್ಲ, ರೂಪಾಯಿಯಲ್ಲಿ ಎಂದು ನಾನು ಶುರು ಮಾಡಿದಾಗ ಜೊತೆಯವರು ‘ಇದು ಅಂಗಡಿಯಲ್ಲಿ ನಡೆಯೋ ಮಾತಲ್ಲ’ ಎಂದಿದ್ದರು. ಈಗ ಅವರಲ್ಲೇ ಕೆಲವರು ನನ್ನ ಪುಸ್ತಕ ನೋಡಿ ಹೋಗಿದ್ದಾರೆ.

ಮೊದಲು ಬೇಕಾದದ್ದು ಮಾರಾಟಕ್ಕೆ ಬರುವ ಒಂದು ಕಿಲೋದಲ್ಲಿ ಏನೇನು ಎಷ್ಟು ಗ್ರಾಂ ಉಳಿದಿದೆ ಎಂಬುದು. ಬಾಣಲೆಗೆ ಸುರಿದ ತೂಕ ಲೆಕ್ಕಕ್ಕೆ ಬರುವುದಿಲ್ಲ. ಮೈಸೂರು ಪಾಕಿಗೆ ನಮ್ಮಲ್ಲಿ 1 ಕಿಲೋ ಕಡಲೆ ಹಿಟ್ಟಿಗೆ 2 ಕಿಲೋ ಸಕ್ಕರೆ, ಸುಮಾರು ಎರಡೂವರೆ ಕಿಲೋ ತುಪ್ಪ. ತಟ್ಟೆ ಓರೆ ಮಾಡಿದಾಗ ಬಸಿದು ಬರುವ ತುಪ್ಪ ಹತ್ತಿರಹತ್ತಿರ 400 ಗ್ರಾಂ, ಅದನ್ನು ತೂಗಿ ಕಳೆಯಬೇಕು. ಅಂಚು, ಪುಡಿ ಬಿಟ್ಟು ಕೈಗೆ ಸಿಗುವ ಮಾಲು 5 ಕಿಲೋ. ಅಂದರೆ ಕಿಲೋಗೆ ತುಪ್ಪ 420 ಗ್ರಾಂ, ಸಕ್ಕರೆ 400, ಹಿಟ್ಟು 200. ಸಕ್ಕರೆ ಕಿಲೋಗೆ 3 ರೂಪಾಯಿ ಏರಿದರೂ ಇಲ್ಲಿ ತಗಲುವುದು ಒಂದು ರೂಪಾಯಿ ಚಿಲ್ಲರೆ. ಸಕ್ಕರೆ ಮೂಟೆಯ ಸುದ್ದಿ ಕೇಳಿ ಬೋರ್ಡು ಮುಟ್ಟುವವರು ಇದನ್ನೊಮ್ಮೆ ಗುಣಿಸಿ ನೋಡಬೇಕು.

ಇನ್ನು ಬೋರ್ಡು ಬದಲಿಸುವುದು ಯಾವಾಗ? ನಾನು 20 ರೂಪಾಯಿಗೆ ಕಡಿಮೆ ಮುಟ್ಟುವುದಿಲ್ಲ. ಹೆಚ್ಚಿನವರು ಕೊಳ್ಳುವುದು ಕಾಲು ಕಿಲೋ, 20 ಏರಿದರೆ ಕಾಲಿಗೆ ಸರಿಯಾಗಿ 5 ಬರುತ್ತದೆ, ಚಿಲ್ಲರೆಯ ಜಗಳವಿಲ್ಲ. ಅದಕ್ಕಿಂತ ಕಡಿಮೆ ವ್ಯತ್ಯಾಸವನ್ನು ಆ ಸಿಹಿಯ ಪುಟದಲ್ಲಿ ಬಾಕಿ ಎಂದು ಬರೆದಿಡುತ್ತೇನೆ.

2025ರದ್ದೇ ನೋಡಿ. ಸೆಪ್ಟೆಂಬರಿನಲ್ಲಿ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಾಗ ನಂದಿನಿ ತುಪ್ಪ ಲೀಟರಿಗೆ 650ರಿಂದ 610 ಆಯಿತು. ದೀಪಾವಳಿ ಕಳೆದು ನವೆಂಬರಿನಲ್ಲಿ ಒಮ್ಮೆಗೇ 700. ತುಪ್ಪದ ದರ ಲೀಟರಿನಲ್ಲಿ, ನಮ್ಮ ಅಳತೆ ಕಿಲೋದಲ್ಲಿ. ಒಂದು ಲೀಟರು ಸುಮಾರು 910 ಗ್ರಾಂ ಮಾತ್ರ ತೂಗುತ್ತದೆ, ಇಲ್ಲೇ ಬಹಳ ಜನ ಎಡವುತ್ತಾರೆ. ಲೀಟರಿಗೆ 40 ಇಳಿದರೆ ಕಿಲೋಗೆ 44, ಮೈಸೂರು ಪಾಕಿಗೆ 18 ರೂಪಾಯಿ. ಇಪ್ಪತ್ತು ತುಂಬಲಿಲ್ಲ, ಬೋರ್ಡು ಹಾಗೇ ಇತ್ತು, ಗಿರಾಕಿಯ ಪರವಾಗಿ 18 ಜಮಾ ಆಯಿತು. ಲೀಟರಿಗೆ 90 ಏರಿದಾಗ ಕಿಲೋಗೆ 99, ಪಾಕಿಗೆ 42. ಜಮಾ ಕಳೆದರೆ 24. ಹಾಗಾಗಿ ಏರಿಸಿದ್ದು 20, ಪುಸ್ತಕದಲ್ಲಿ ನಮಗೆ ಬರಬೇಕಾದದ್ದು 4 ಉಳಿಯಿತು. ಬೇರೆಡೆ ಅದೇ ವಾರ 50, 60 ಏರಿತ್ತು.

ಬೆಲೆ ಏರಿಸದೆ ತುಪ್ಪ ಕಡಿಮೆ ಮಾಡಿಯೂ ನೋಡಿದ್ದಾಗಿದೆ. ಕಿಲೋ ಹಿಟ್ಟಿಗೆ ತುಪ್ಪ ಒಂದೂವರೆ ಕಿಲೋಗಿಂತ ಕೆಳಗೆ ಹೋದರೆ ಹಿಟ್ಟು ಸರಿಯಾಗಿ ಉಬ್ಬುವುದಿಲ್ಲ, ಒಳಗೆ ಗೂಡು ಕಟ್ಟುವುದಿಲ್ಲ. ಕತ್ತರಿಸುವಾಗ ಚಾಕು ಕಿರ್ರೆನ್ನುತ್ತದೆ, ಮರುದಿನಕ್ಕೆ ಕಲ್ಲು. ಉಳಿಸಿದ ತುಪ್ಪದ ದುಡ್ಡು ಪುಡಿಯಾಗಿ ಹೋದ ಮಾಲಿನಲ್ಲಿ ಕಳೆಯುತ್ತದೆ.

ಗೋಡಂಬಿಯ ದಾರಿ ಬೇರೆ. ತುಪ್ಪದ ಟಿನ್ ನಮ್ಮಲ್ಲಿ ವಾರಕ್ಕಿಂತ ಹೆಚ್ಚು ನಿಲ್ಲುವುದಿಲ್ಲ, ಅದಕ್ಕೆ ಇವತ್ತಿನ ದರವೇ ಅಸಲು. ಗೋಡಂಬಿಯನ್ನು ಹಬ್ಬಕ್ಕೆ ಎರಡು ತಿಂಗಳು ಮೊದಲೇ ತುಂಬಿಸುತ್ತೇವೆ. ಹಾಗಾಗಿ ಹಳೆಯದು, ಹೊಸದು ಎರಡರ ತೂಕ, ದುಡ್ಡು ಕೂಡಿಸಿ ಸರಾಸರಿ ತೆಗೆಯಬೇಕು. ಕಾಜು ಕತ್ಲಿಯ ಕಿಲೋದಲ್ಲಿ ಗೋಡಂಬಿ ಸುಮಾರು 650 ಗ್ರಾಂ. ಸರಾಸರಿ 100 ಏರಿದರೆ ಕತ್ಲಿಗೆ 65, ಬೋರ್ಡಿಗೆ 60, ಬಾಕಿ 5. ಕತ್ಲಿಗೆ ಇಡೀ ಬೀಜ ಅರೆಯುವುದು ದುಡ್ಡು ಸುಟ್ಟಂತೆ. ತುಂಡು ಸಾಕು, ಆದರೆ ಕಂದು ಚುಕ್ಕೆಯ ತುಂಡು ಬೆರೆತಿದ್ದರೆ ಕತ್ಲಿ ಬೂದಿಬಣ್ಣಕ್ಕೆ ತಿರುಗುತ್ತದೆ. ಮಾಲು ಇಳಿಸುವ ಮೊದಲು ಒಂದು ಹಿಡಿ ನೆನೆಸಿ ಅರೆದು ಬಿಳಿ ತಟ್ಟೆಯ ಮೇಲೆ ಹಚ್ಚಿ ನೋಡಿ. ಹಬ್ಬದ ಮಿಕ್ಸ್ ಬಾಕ್ಸಿನಲ್ಲಿ ಕತ್ಲಿ ಎಷ್ಟು, ಸಕ್ಕರೆಯ ಸಿಹಿ ಎಷ್ಟು ಎಂಬ ಪ್ರಮಾಣವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ನಮ್ಮ ದೀಪಾವಳಿಯ ಲಾಭ ನಿಂತಿರುವುದೇ ಅದರ ಮೇಲೆ.

ಮದುವೆ ಆರ್ಡರಿಗೆ ಬಾಕಿಯ ಪುಸ್ತಕ ನಡೆಯುವುದಿಲ್ಲ, ಒಮ್ಮೆ ಹೇಳಿದ ರೇಟು ಮುಗಿಯಿತು. ಅದಕ್ಕೆ ತುಪ್ಪ, ಗೋಡಂಬಿಯ ಅಸಲು ತುಂಬುವಷ್ಟು ಮುಂಗಡ ಬಂದರೆ ಅದೇ ದಿನ ಮಾಲು ತಂದು ಆ ಹೆಸರಿನಲ್ಲಿ ಬೇರೆ ಇಡುತ್ತೇನೆ, ರೇಟು ಮದುವೆಯ ದಿನದವರೆಗೂ ಅದೇ. ಮುಂಗಡ ಅಷ್ಟು ಬರದಿದ್ದರೆ ಚೀಟಿಯಲ್ಲೇ ಬರೆದುಕೊಡುತ್ತೇನೆ: ಈ ರೇಟು 15 ದಿನಕ್ಕೆ ಮಾತ್ರ.