ಖಾಲಿ ಸ್ಟೇಜ್‌ನ ಫೋಟೋ ಮೇಲೆ ಅಲಂಕಾರದ ಚಿತ್ರ ಮಾಡುವುದು ಹೇಗೆ?

ಮದುವೆ ಹಾಲ್‌ನ ಸ್ಟೇಜ್ ಹೇಗಿರುತ್ತದೆ ಎಂದು ಗಿರಾಕಿಗೆ ತೋರಿಸಲು ಎಲ್ಲೋ ಸಿಕ್ಕ ಚೆಂದದ ಫೋಟೋ ಹಿಡಿದುಕೊಂಡು ಹೋದರೆ, ‘ನಮ್ಮ ಹಾಲ್‌ನಲ್ಲೂ ಹೀಗೇ ಕಾಣುತ್ತಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದೇ ಹಾಲ್‌ನ ಖಾಲಿ ಸ್ಟೇಜ್ ಮೇಲೆ, ಸರಿಯಾದ ಅಳತೆಯಲ್ಲಿ ಚಿತ್ರ ಮಾಡಿದ್ದರೆ ಈ ಪ್ರಶ್ನೆಗೆ ಉತ್ತರ ಕೈಯಲ್ಲೇ ಇರುತ್ತದೆ. ಚಿತ್ರಗಳನ್ನು ಪದರಗಳಂತೆ ಒಂದರ ಮೇಲೊಂದು ಇಡುವ ಲೇಯರ್ ಸೌಲಭ್ಯ ಇರುವ ಯಾವ ಫೋಟೋ ಎಡಿಟರ್ ಆದರೂ ಸಾಕು.

ಮೊದಲು ಫೋಟೋ. ಅತಿಥಿಗಳು ಕೂರುವ ಜಾಗದ ನಡುವೆ, ಕೂತವರ ಕಣ್ಣಿನ ಎತ್ತರದಿಂದ ತೆಗೆಯಿರಿ. ಫೋನಿನ 0.5x ಲೆನ್ಸ್ ಬೇಡ. ಅದು ಅಂಚುಗಳನ್ನು ಎಳೆದು ಸ್ಟೇಜಿನ ಅಳತೆಯನ್ನು ತಪ್ಪಾಗಿ ತೋರಿಸುತ್ತದೆ. ಸೋಫಾ ಬರುವ ಜಾಗದಲ್ಲಿ ಒಬ್ಬರನ್ನು ಕುರ್ಚಿ ಹಾಕಿ ಕೂರಿಸಿ ಒಂದು ಫೋಟೋ, ಅಲ್ಲೇ ನಿಲ್ಲಿಸಿ ಇನ್ನೊಂದು ತೆಗೆಯಿರಿ. ಹಿಂದಿನ ಪರದೆಯ ಯಾವ ಭಾಗ ತಲೆಯ ಮರೆಗೆ ಹೋಗುತ್ತದೆ ಎಂದು ಆಗಲೇ ಗೊತ್ತಾಗುತ್ತದೆ. ದುಬಾರಿ ಹೂವಿನ ಕೆಲಸವನ್ನು ಯಾರಿಗೂ ಕಾಣದ ಜಾಗದಲ್ಲಿ ಮಾಡುವುದು ಸುಮ್ನೆ ದಂಡ ಅಲ್ವಾ?

ಇನ್ನು ಅಳತೆ. ಹಿಂಗೋಡೆಯ ಅಗಲ 20 ಅಡಿ, ಫೋಟೋದಲ್ಲಿ ಅದು 2000 ಪಿಕ್ಸೆಲ್ ಇದೆ ಎಂದುಕೊಳ್ಳಿ. ಗೋಡೆಯ ಹತ್ತಿರ ಒಂದು ಅಡಿಗೆ 100 ಪಿಕ್ಸೆಲ್ ಆಯಿತು. 16 ಅಡಿ ಅಗಲ, 9 ಅಡಿ ಎತ್ತರದ ಪರದೆಯನ್ನು ಗೋಡೆಗೆ ಅಂಟಿದಂತೆ ಹಾಕುವುದಾದರೆ ಚಿತ್ರದಲ್ಲಿ ಅದು 1600 ಪಿಕ್ಸೆಲ್ ಅಗಲ, 900 ಪಿಕ್ಸೆಲ್ ಎತ್ತರ ಇರಬೇಕು. ಸೋಫಾಕ್ಕೆ ಮಾತ್ರ ಇದೇ ಲೆಕ್ಕ ಹಾಕಬೇಡಿ. ಕ್ಯಾಮೆರಾದಿಂದ ಗೋಡೆ 40 ಅಡಿ, ಸೋಫಾ 32 ಅಡಿ ದೂರ ಇದ್ದರೆ, ಸೋಫಾ ಇರುವಲ್ಲಿ ಒಂದು ಅಡಿಗೆ 125 ಪಿಕ್ಸೆಲ್ ಬರುತ್ತದೆ. 40ನ್ನು 32ರಿಂದ ಭಾಗಿಸಿ, 100ರಿಂದ ಗುಣಿಸಿದರೆ ಆಯಿತು. 6 ಅಡಿ ಸೋಫಾ 750 ಪಿಕ್ಸೆಲ್ ಇರಬೇಕು. 600 ಮಾಡಿದರೆ ಸೋಫಾ ಮಕ್ಕಳ ಆಟಿಕೆಯಂತೆ, ಪರದೆ ಅರಮನೆಯಂತೆ ಕಾಣುತ್ತದೆ. ನೋಡಲು ಚೆಂದವೇ, ಆದರೆ ಮದುವೆಯ ದಿನ ಸ್ಟೇಜ್ ಹಾಗಿರುವುದಿಲ್ಲ.

ಹೂವಿನಲ್ಲೂ ಇದೇ ಮೋಸ ನಡೆಯುತ್ತದೆ. ಅರಳಿದ ಗುಲಾಬಿ ಸುಮಾರು 3 ಇಂಚು, ಅಂದರೆ ಗೋಡೆಯ ಹತ್ತಿರ 25 ಪಿಕ್ಸೆಲ್. ಅಂಟಿಸಿದ ಹೂ 80 ಪಿಕ್ಸೆಲ್ ಇದ್ದರೆ ಅದು ಹೆಚ್ಚುಕಡಿಮೆ ಹತ್ತಿಂಚಿನ ಗುಲಾಬಿ! ಅಳತೆ ಸರಿ ಇದ್ದರೆ ಚಿತ್ರದಿಂದಲೇ ಹೂವಿನ ಲೆಕ್ಕವನ್ನೂ ತೆಗೆಯಬಹುದು. ಪರದೆಯ ಮೇಲಂಚಿಗೆ 16 ಅಡಿ ಉದ್ದ, 1 ಅಡಿ ಅಗಲದ ಹೂಪಟ್ಟಿ ತೋರಿಸಿದ್ದೀರಿ ಎನ್ನಿ. ಸಾಲಾಗಿ ಜೋಡಿಸಿದರೆ ಚದರ ಅಡಿಗೆ 16 ಹೂ, ಒಟ್ಟು 256. ಒತ್ತಾಗಿ ಜೋಡಿಸಲು, ಬಾಡಿದ್ದನ್ನು ಬದಲಿಸಲು ಇನ್ನಷ್ಟು ಬೇಕು.

ಬಟ್ಟೆಗೆ ನೆರಿಗೆಯೇ ಜೀವ. 16 ಅಡಿ ಜಾಗಕ್ಕೆ 16 ಅಡಿ ಬಟ್ಟೆಯನ್ನೇ ಹಾಕಿದರೆ ನೆರಿಗೆ ಬೀಳುವುದಿಲ್ಲ. ತುಂಬಿದ ನೆರಿಗೆಗೆ ಸುಮಾರು ಎರಡು ಪಟ್ಟು, ಅಂದರೆ 32 ಅಡಿ ಬೇಕು. ಕೊಟೇಶನ್‌ನಲ್ಲಿ ಎಷ್ಟು ಬಟ್ಟೆ ಹಿಡಿದಿದ್ದೀರೋ ಅಷ್ಟೇ ನೆರಿಗೆಯನ್ನು ಚಿತ್ರದಲ್ಲಿ ತೋರಿಸಿ.

ಬೆಳಕಿನಲ್ಲಿ ಎಡವುವವರೇ ಜಾಸ್ತಿ. ಇಡೀ ಚಿತ್ರಕ್ಕೆ ಹಳದಿ ಫಿಲ್ಟರ್ ಎಳೆದುಬಿಡುತ್ತಾರೆ. ಆಗ ಎಲ್ಲವೂ ಒಂದೇ ಬಣ್ಣವಾಗುತ್ತದೆ, ಲೈಟ್ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಹೀಗೆ ಮಾಡಿ: ಬಟ್ಟೆ, ಹೂ ಇಟ್ಟ ಮೇಲೆ ಒಂದು ಗಾಢ ಬಣ್ಣದ ಲೇಯರ್ ಹಾಕಿ, Multiply ಆಯ್ಕೆಯಲ್ಲಿ ಇಡೀ ಸ್ಟೇಜನ್ನು ಮಬ್ಬಾಗಿಸಿ. ಅದರ ಮೇಲೆ ಇನ್ನೊಂದು ಲೇಯರ್ ಹಾಕಿ, Screen ಆಯ್ಕೆಯಲ್ಲಿ, ಮೆತ್ತನೆಯ ಬ್ರಷ್‌ನಿಂದ, ಲೈಟ್ ಇಡುವ ಜಾಗದಲ್ಲಷ್ಟೇ ತಿಳಿ ಕಿತ್ತಳೆ ಬೆಳಕು ಬಿಡಿ. ನೆಲದಿಂದ ಮೇಲಕ್ಕೆ ಬಿಡುವ ಲೈಟ್ ಬುಡದಲ್ಲಿ ಜೋರಾಗಿದ್ದು, ಮೇಲೆ ಹೋದಂತೆ ಮಂಕಾಗಬೇಕು. ನೆರಿಗೆಯ ಉಬ್ಬು ಹೊಳೆಯಬೇಕು, ತಗ್ಗು ಕಪ್ಪಾಗಬೇಕು.

ಬೆಚ್ಚನೆಯ ಬೆಳಕು ಎಂದರೆ ಸುಮಾರು 2700ರಿಂದ 3000 ಕೆಲ್ವಿನ್‌ನ ಬಲ್ಬ್. ಅದರಡಿ ಕೆಂಪು, ಕಿತ್ತಳೆ, ಹಳದಿ ಹೂ ಬೆಳಗುತ್ತವೆ. ಬಿಳಿ ಕೆನೆ ಬಣ್ಣಕ್ಕೆ ತಿರುಗುತ್ತದೆ. ತಿಳಿ ನೀಲಿ, ತಿಳಿ ನೇರಳೆ ಬೂದಿಯಂತೆ ಮಂಕಾಗುತ್ತವೆ. ಗಿರಾಕಿ ನೇರಳೆಯನ್ನೇ ಕೇಳಿದರೆ ಆ ಮಂಕನ್ನು ಚಿತ್ರದಲ್ಲೇ ತೋರಿಸಿ, ಆ ಹೂವಿಗೆ ಬೇರೆ ಲೈಟ್ ಇಡೋಣವೇ ಎಂದು ಅಲ್ಲೇ ಕೇಳಿಬಿಡಿ. ಹಾಲ್‌ನ ಬಿಳಿ ಟ್ಯೂಬ್‌ಲೈಟ್ ಆರಿಸಲು ಬಿಡುತ್ತಾರಾ ಎಂದೂ ಮೊದಲೇ ವಿಚಾರಿಸಿ. ಬಿಡದಿದ್ದರೆ ಚಿತ್ರದಲ್ಲೂ ಅದು ಉರಿಯುತ್ತಿರಲಿ. ಸೋಫಾದ ಮುಂದಿನ ಎರಡೂ ಬದಿಯಿಂದ ಮೃದುವಾದ ಬೆಳಕು ಇರಬೇಕು. ಇಲ್ಲದಿದ್ದರೆ ಹಿಂದಿನ ಪರದೆ ಹೊಳೆದು ವಧೂವರರ ಮುಖ ಕಪ್ಪಾಗುತ್ತದೆ.

ಎರಡು ಮಾದರಿ ತೋರಿಸುವುದಾದರೆ ಅದೇ ಫೋಟೋ, ಅದೇ ಕೋನ ಇರಲಿ. ಹೂವನ್ನೋ ಬೆಳಕನ್ನೋ ಯಾವುದಾದರೂ ಒಂದನ್ನು ಮಾತ್ರ ಬದಲಿಸಿ. ಪ್ರಿಂಟ್ ಸಾಮಾನ್ಯವಾಗಿ ಫೋನಿಗಿಂತ ಮಬ್ಬಾಗಿ ಬರುತ್ತದೆ, ಹಾಗಾಗಿ ಪ್ರಿಂಟ್‌ಗೆ ಕಳಿಸುವ ಪ್ರತಿಯನ್ನು ಸ್ವಲ್ಪ ತಿಳಿಗೊಳಿಸಿ. ಚಿತ್ರದ ಕೆಳಗೆ ಪರದೆಯ ಅಳತೆ, ಹೂ ನಿಜದ್ದೋ ಬಟ್ಟೆಯದ್ದೋ, ಲೈಟ್ ಎಷ್ಟು, ಚಿತ್ರದಲ್ಲಿದ್ದೂ ದರದಲ್ಲಿ ಸೇರದ ವಸ್ತು ಯಾವುದು ಎಂದು ಬರೆದು ಕೊಡಿ.