ಮೊಮ್ಮಗಳ ಡಂಬೆಲ್, ನನ್ನ ಕ್ರಿಯೇಟಿನ್

ಹೋದ ವರ್ಷ ತಂಗಿಯ ಹಳ್ಳಿ ಮನೆಗೆ ಹೋಗಿದ್ದೆ. ಅಲ್ಲಿ ಕುಕ್ಕರಗಾಲಲ್ಲಿ ಕೂರುವ ಕಕ್ಕಸು. ಕೂತವಳಿಗೆ ಏಳೋಕೆ ಆಗಲಿಲ್ಲ. ನಲ್ಲಿ ಹಿಡಿದು ಎದ್ದೆ, ನಲ್ಲಿ ಕೈಗೇ ಬಂತು. ತಂಗಿ ಈಗಲೂ ಅದನ್ನು ಹೇಳಿಕೊಂಡು ನಗುತ್ತಾಳೆ. ಹೊಸ ನಲ್ಲಿಗೆ 350 ಕೊಟ್ಟಿದ್ದು ನಾನೇ.

ಊರಿಗೆ ಬಂದು ಮೊಮ್ಮಗಳಿಗೆ ಹೇಳಿದೆ. ಅವಳು ಕುರ್ಚಿ ಎಳೆದು, ಮೊಬೈಲ್‌ನಲ್ಲಿ 30 ಸೆಕೆಂಡ್ ಇಟ್ಟು, "ಕೈ ಕಟ್ಟಿಕೊಂಡು ಎದ್ದು ಕೂತ್ಕೋ ಅಜ್ಜಿ" ಅಂದಳು. 8 ಸಲ ಆಯಿತು. ನನ್ನ ವಯಸ್ಸಿಗೆ, ಅಂದರೆ 67ಕ್ಕೆ, ಕಡಿಮೆ ಅಂದರೂ 11 ಇರಬೇಕಂತೆ. 34 ವರ್ಷ ಗಣಿತದ ಪೇಪರ್ ತಿದ್ದಿದವಳು ನಾನೇ ಫೇಲು.

ಸೆಟ್ಟು, ರೆಪ್ಪು ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ. ಮೊದಲು ಬಡಾವಣೆಯ ಜಿಮ್‌ಗೆ ಮೂರು ತಿಂಗಳಿಗೆ 4,500 ಕಟ್ಟಿದೆವು. ಅಲ್ಲಿಯವರು ನನ್ನನ್ನು ಬರೀ ಸೈಕಲ್ ಮೇಲೆ ಕೂರಿಸಿದರು, ಭಾರ ಮುಟ್ಟಲು ಬಿಡಲಿಲ್ಲ. ಎರಡೇ ವಾರಕ್ಕೆ ಬಿಟ್ಟೆ, ದುಡ್ಡು ವಾಪಸ್ ಬರಲಿಲ್ಲ. ಆಮೇಲೆ ಹಾಲ್‌ನಲ್ಲೇ ಶುರು. 5 ಕೆಜಿಯ ಡಂಬೆಲ್ ಒಂದು ಜೊತೆ, ಮತ್ತೆ 5 ಕೆಜಿಯ ಅಕ್ಕಿ ಚೀಲಗಳು. ವಾರಕ್ಕೆ ಮೂರು ದಿನ, ನಾಲ್ಕೇ ಕಸರತ್ತು: ಕುರ್ಚಿ ಸ್ಕ್ವಾಟ್, ಡೆಡ್‌ಲಿಫ್ಟ್, ಗೋಡೆ ಪುಷ್‌ಅಪ್, ಭಾರ ಹಿಡಿದು ನಡೆಯುವುದು. ಎಲ್ಲವನ್ನೂ ಹಾಜರಿ ಪುಸ್ತಕದಂತೆ ಬರೆದಿಟ್ಟೆ. ಮಂಡಿ ಕಟಕಟ ಅನ್ನದಂತೆ ಪಾದ ಇಡುವ ಒಂದು ಉಪಾಯ ಕಂಡುಕೊಂಡಿದ್ದೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ!

ಮೂರು ತಿಂಗಳಿಗೆ ಕುರ್ಚಿಯದು 13 ಆಯಿತು, ಡೆಡ್‌ಲಿಫ್ಟ್ 20 ಕೆಜಿ. ಆಗ ಮೊಮ್ಮಗಳ ಡಬ್ಬಿ ಮೇಲೆ ಕಣ್ಣು ಬಿತ್ತು. ಭಾರ ಎತ್ತುವವರು ಸ್ನಾಯು ಶಕ್ತಿಗೆ ತಿನ್ನುವ ಬಿಳಿ ಪುಡಿ, ಕ್ರಿಯೇಟಿನ್ ಮೊನೊಹೈಡ್ರೇಟ್, 250 ಗ್ರಾಂಗೆ ಸುಮಾರು 700 ರೂಪಾಯಿ. ನಾವು ಮಾಂಸ, ಮೀನು ಮುಟ್ಟದವರು. ನಮ್ಮ ಸ್ನಾಯುವಿನಲ್ಲಿ ಇದರ ದಾಸ್ತಾನು ಕಡಿಮೆ, ಹಾಗಾಗಿ ನನಗೆ ಹೆಚ್ಚು ಹತ್ತಬಹುದು ಅಂತ ಅವಳ ವಾದ. ಸೊಸೆ ಕೇಳಿ, "ಅತ್ತೆ, ಕಿಡ್ನಿ ಹೋಗುತ್ತೆ, ಸುಮ್ನೆ ಇರಿ" ಅಂದಳು. ನನಗೆ ಶುಗರ್ ಇಲ್ಲ, ಬಿಪಿ ಇಲ್ಲ. ಆದರೂ ಮೊದಲೇ ರಕ್ತ ಕೊಟ್ಟು ಬಂದೆ: ಕಿಡ್ನಿ ಹೇಗಿದೆ ಅಂತ ನೋಡುವ ಕ್ರಿಯೇಟಿನಿನ್ 0.8. ಈ ಒಂದು ಕೆಲಸ ಆಮೇಲೆ ನನ್ನನ್ನು ಉಳಿಸಿತು.

ತಪ್ಪು ಮಾಡಿದ್ದು ಅವಸರದಲ್ಲಿ. ಮೊದಲ ವಾರ ದಿನಕ್ಕೆ 20 ಗ್ರಾಂ 'ಲೋಡಿಂಗ್' ಮಾಡಬೇಕು ಅಂತ ಯಾರೋ ಮೊಮ್ಮಗಳಿಗೆ ಹೇಳಿದ್ದರು. ಎರಡನೇ ದಿನವೇ ನನ್ನ ಹೊಟ್ಟೆ ಕೆಟ್ಟು, ಕಕ್ಕಸಿಗೆ ಓಡಿ ಓಡಿ ಅದೇ ದೊಡ್ಡ ವ್ಯಾಯಾಮವಾಯಿತು. ಲೋಡಿಂಗ್ ಬಿಟ್ಟೆ. ದಿನಕ್ಕೆ 3 ಗ್ರಾಂ ಸಾಕು, ಸ್ನಾಯು ತುಂಬಲು ಒಂದು ವಾರದ ಬದಲು ಒಂದು ತಿಂಗಳು ಹಿಡಿಯುತ್ತದೆ, ಅಷ್ಟೇ. ಚಮಚವನ್ನೂ ನಂಬಲಿಲ್ಲ. ಚಿಕ್ಕ ತಕ್ಕಡಿಯಲ್ಲಿ ತೂಗಿದರೆ, ಅವಳು 'ಒಂದು ಸ್ಕೂಪ್' ಅಂತ ಗುಡ್ಡೆ ಹಾಕುತ್ತಿದ್ದದ್ದು ಹತ್ತಿರ ಹತ್ತಿರ 6 ಗ್ರಾಂ!

ತಣ್ಣೀರಲ್ಲಿ ಮರಳಿನಂತೆ ತಳದಲ್ಲಿ ಕೂರುತ್ತದೆ, ಉಗುರುಬೆಚ್ಚಗಿನ ನೀರಲ್ಲಿ ಕರಗುತ್ತದೆ. ಮಜ್ಜಿಗೆಯಲ್ಲೂ ಕಲಸಿ ನೋಡಿದೆ. ರಾತ್ರಿಯೇ ಕಲಸಿಟ್ಟಿದ್ದಕ್ಕೆ ಮೊಮ್ಮಗಳಿಂದ ಬೈಗುಳ ಬಿತ್ತು. ಹುಳಿಯಲ್ಲಿ ನೆನೆದರೆ ಪುಡಿ ನಿಧಾನವಾಗಿ ಕ್ರಿಯೇಟಿನಿನ್ ಆಗಿಬಿಡುತ್ತದಂತೆ.

ಆರು ವಾರಕ್ಕೆ ತೂಕ ಒಂದು ಕೆಜಿ ಏರಿತು, ಹೆಚ್ಚಿನಂಶ ನೀರು. ರಕ್ತ ಪರೀಕ್ಷೆಯಲ್ಲಿ ಕ್ರಿಯೇಟಿನಿನ್ 1.1. ವರದಿ ನೋಡಿದ ವೈದ್ಯರು "ಕಿಡ್ನಿ ಹೊಡೆತ ತಿಂದಿದೆ, ಎಲ್ಲ ನಿಲ್ಲಿಸಿ" ಅಂದರು. ಪುಡಿ ತಿನ್ನುತ್ತಿದ್ದೇನೆ ಅಂತ ನಾನು ಹೇಳಿರಲಿಲ್ಲ, ತಪ್ಪು ನನ್ನದೂ ಇತ್ತು. ರಕ್ತ ಕೊಡುವ ಹಿಂದಿನ ದಿನವೇ ಜೋರಾಗಿ ಭಾರ ಎತ್ತಿದ್ದೆ ಬೇರೆ, ಅದರಿಂದಲೂ ಅಂಕಿ ಏರಬಹುದು. ಎರಡು ರಾತ್ರಿ ನಿದ್ದೆ ಇಲ್ಲ.

ಇನ್ನೊಬ್ಬ ವೈದ್ಯರ ಹತ್ತಿರ ಎರಡೂ ವರದಿ, ಡಬ್ಬಿ, ನನ್ನ ಪುಸ್ತಕ ಎಲ್ಲ ಹರಡಿದೆ. ಅವರು ಪುಸ್ತಕ ನೋಡಿ ನಕ್ಕರು. ಕ್ರಿಯೇಟಿನ್ ಒಡೆದು ಆಗುವುದೇ ಕ್ರಿಯೇಟಿನಿನ್. ಒಳಗೆ ಜಾಸ್ತಿ ಹೋದರೆ ರಕ್ತದಲ್ಲೂ ಜಾಸ್ತಿ ಕಾಣಬಹುದು, ಕಿಡ್ನಿ ಸರಿ ಇದ್ದರೂ. ಖಚಿತ ಮಾಡಿಕೊಳ್ಳಲು ಕಿಡ್ನಿಯದೇ ಇನ್ನೊಂದು ರಕ್ತ ಪರೀಕ್ಷೆ, ಸಿಸ್ಟಾಟಿನ್ ಸಿ, ಬರೆದುಕೊಟ್ಟರು, ಈ ಪುಡಿ ಅದನ್ನು ಏರಿಸುವುದಿಲ್ಲ. ಸಾವಿರದ ಮೇಲೆ ಖರ್ಚಾಯಿತು. ವರದಿ ನಾರ್ಮಲ್. ಕಿಡ್ನಿ ತೊಂದರೆ ಮೊದಲೇ ಇದ್ದಿದ್ದರೆ ನಾನೇ ಬೇಡ ಅನ್ನುತ್ತಿದ್ದೆ ಅಂದರು. ಸೊಸೆಗೆ ಆ ಕಾಗದ ತೋರಿಸಿದೆ, ಫ್ರಿಜ್ ಮೇಲೆ ಅಂಟಿಸಿಯೂ ಇಟ್ಟೆ.

ಈಗ ಆರು ತಿಂಗಳು. ಕುರ್ಚಿ 15, ಡೆಡ್‌ಲಿಫ್ಟ್ 30 ಕೆಜಿ. ಇದರಲ್ಲಿ ಪುಡಿಯ ಪಾಲೆಷ್ಟು? ಅದೇ ನನಗೆ ತಲೆಬಿಸಿ. ಮೊದಲ ಮೂರು ತಿಂಗಳು ಪುಡಿ ಇಲ್ಲದೆ ಕುರ್ಚಿ 5 ಏರಿತ್ತು, ಪುಡಿಯೊಂದಿಗೆ 2 ಮಾತ್ರ. ಹಾಗಂತ ಪುಡಿ ದಂಡ ಅನ್ನಲೂ ಬರಲ್ಲ, ಶುರುವಿನಲ್ಲಿ ಎಲ್ಲರಿಗೂ ಬೇಗ ಏರುತ್ತದೆ ಅಲ್ವಾ. ಕೊನೇ ಸೆಟ್‌ನಲ್ಲಿ ಮೊದಲಿಗಿಂತ ಒಂದೆರಡು ರೆಪ್ ಹೆಚ್ಚು ಬರುತ್ತದೆ, ಅಷ್ಟು ನನ್ನ ಪುಸ್ತಕದಲ್ಲಿದೆ.

ಮುಂದಿನ ತಿಂಗಳು ಪುಡಿ ನಿಲ್ಲಿಸಿ ಕಸರತ್ತು ಮಾತ್ರ ಮುಂದುವರಿಸುತ್ತೇನೆ. ಸ್ನಾಯು ಖಾಲಿಯಾಗಲು ನಾಲ್ಕೈದು ವಾರ ಬೇಕು, ಆಮೇಲೆ ಎಣಿಸುತ್ತೇನೆ. ಮೊನ್ನೆ ತಂಗಿ ಮನೆಗೆ ಹೋಗಿದ್ದೆ. ನಲ್ಲಿ ಮುಟ್ಟಲಿಲ್ಲ. ಬಾಗಿಲಾಚೆ ಅವಳು ಪಾನಾ ಹಿಡಿದು ನಿಂತಿದ್ದಳು.