ನೇಪಾಳಕ್ಕೆ ಹೋಗೋದಾ ಬಿಡೋದಾ ಅಂತ ಹೆಂಗೆ ತೀರ್ಮಾನ ಮಾಡಿದ್ವಿ

2025ರ ಸೆಪ್ಟೆಂಬರ್ ಕೊನೇ ವಾರಕ್ಕೆ ಅತ್ತೆ ಮಾವನ್ನ ಕರ್ಕೊಂಡು ಪಶುಪತಿನಾಥ, ಮುಕ್ತಿನಾಥಕ್ಕೆ ಹೋಗೋಣ ಅಂತ ಟಿಕೆಟ್ ಮಾಡಿಸಿದ್ದೆ. 8ನೇ ತಾರೀಖು ನೇಪಾಳದಲ್ಲಿ ಹುಡುಗ್ರ ಪ್ರತಿಭಟನೆ ಮೇಲೆ ಗುಂಡು ಹಾರಿಸಿ 19 ಜನ ಸತ್ರು, ಮಾರನೇ ದಿನ ಪಾರ್ಲಿಮೆಂಟಿಗೇ ಬೆಂಕಿ ಬಿತ್ತು, ಪ್ರಧಾನಿ ಓಲಿ ರಾಜೀನಾಮೆ ಕೊಟ್ರು, ಕಠ್ಮಂಡು ಏರ್‌ಪೋರ್ಟೂ ಬಂದ್ ಆಯ್ತು. ದಾವಣಗೆರೇಲಿ ನಮ್ಮನೆ ಫೋನು ಒಂದೇ ಸಮ ಹೊಡ್ಕೊಳ್ತಿತ್ತು, ಎಲ್ಲರದ್ದೂ ಒಂದೇ ಮಾತು, ಕ್ಯಾನ್ಸಲ್ ಮಾಡಿಬಿಡು ಅಂತ.

ನಾನು ಟಿವಿ ಆಫ್ ಮಾಡಿ ನಮ್ಮ ವಿದೇಶಾಂಗ ಸಚಿವಾಲಯದ ಅಡ್ವೈಸರಿ ತೆಗೆದು ಓದಿದೆ. ಪರಿಸ್ಥಿತಿ ತಿಳಿಯಾಗೋವರೆಗೆ ಪ್ರಯಾಣ ಮುಂದೂಡಿ ಅಂತಿತ್ತು. ಹುಷಾರಾಗಿರಿ ಅಂದಿದ್ರೆ ಹೋಗೋರು ಹೋಗಬಹುದು, ಮುಂದೂಡಿ ಅಂದ್ರೆ ಈಗ ಹೊರಡಲೇಬೇಡಿ ಅಂತ, ಆದ್ರೆ ಯಾವತ್ತಿನವರೆಗೆ ಅಂತ ತಾರೀಖು ಇರ್ಲಿಲ್ಲ. ಇನ್ನೊಂದು, ಅದರಲ್ಲಿ ಕಠ್ಮಂಡು ಒಂದೇ ಅಲ್ಲ, ಇಡೀ ನೇಪಾಳ ಅಂತ ಇತ್ತು. ಹಂಗಾಗಿ ನಮ್ಮ ಭಾವ, ಗೋರಖ್‌ಪುರಕ್ಕೆ ಟ್ರೈನಲ್ಲಿ ಹೋಗಿ ಸೋನೌಲಿ ಬಾರ್ಡರ್ ದಾಟಿದ್ರಾಯ್ತು ಅಂದಾಗ ಬೇಡ ಅಂದೆ, ಆಗ ಜೈಲುಗಳಿಂದ ಸಾವಿರಾರು ಕೈದಿಗಳು ಬೇರೆ ತಪ್ಪಿಸ್ಕೊಂಡಿದ್ರು.

ಆದ್ರೆ ನನ್ನ ಮನಸ್ಸು ಗಟ್ಟಿಯಾಗಿದ್ದು ಆಗಲೇ ಅಲ್ಲಿರೋರಿಗೆ ಬರೆದಿದ್ದ ಸಾಲು ಓದಿ. ಇದ್ದಲ್ಲೇ ಇರಿ, ಬೀದಿಗೆ ಬರಬೇಡಿ ಅಂತಿತ್ತು. ಅಂದ್ರೆ ನಾವು ಹೋದಮೇಲೆ ಮತ್ತೆ ಗಲಾಟೆ ಆದ್ರೆ ಹೋಟೆಲ್ ರೂಮೇ ಗತಿ, ಕರ್ಫ್ಯೂ ಇದ್ರೆ ಮೆಡಿಕಲ್ ಶಾಪಿಗೂ ಹೋಗೋಕಾಗಲ್ಲ, ಮಾವಂಗೆ ಶುಗರು, ದಿನಾ ಇನ್ಸುಲಿನ್ ಬೇಕು. ಎಲ್ಲರೂ ಹೋಗಬಹುದಾ ಅನ್ನೋ ಸಾಲು ಮಾತ್ರ ನೋಡ್ತಾರೆ, ನನ್ನ ಕೇಳಿದ್ರೆ ಈ ಎರಡನೇ ಸಾಲು ನಿಮ್ಮ ಮನೆಯವರಿಗೆ ಹೊಂದುತ್ತಾ ಅಂತ ನೋಡ್ಬೇಕು.

ಆದ್ರೂ ಅವತ್ತೇ ಕ್ಯಾನ್ಸಲ್ ಮಾಡ್ಲಿಲ್ಲ. ಏರ್‌ಲೈನ್‌ನವರೇ ಫ್ಲೈಟ್ ರದ್ದು ಮಾಡಿದ್ರೆ ಪೂರ್ತಿ ದುಡ್ಡು ವಾಪಸ್ ಬರುತ್ತೆ, ನಾವಾಗಿ ಮಾಡಿದ್ರೆ ಚಾರ್ಜ್ ಹಿಡ್ಕೊಂಡೇ ಕೊಡೋದು. ಪುಕ್ಕಟೆ ಡೇಟ್ ಚೇಂಜ್ ಕೊಟ್ಟಿದ್ದು ಆ ಕೆಲವು ದಿನದ ಟಿಕೆಟಿಗೆ ಮಾತ್ರ, ನಮ್ಮದು ಅದರೊಳಗೆ ಬರ್ತಿರ್ಲಿಲ್ಲ. ಈಗ ಇನ್ಶೂರೆನ್ಸ್ ಮಾಡಿಸೋಣ ಅಂತ ಮನೇಲಿ ಅಂದ್ರು, ಗಲಾಟೆ ಸುದ್ದಿಯಾದ ಮೇಲೆ ತಗೊಂಡ ಪಾಲಿಸಿ ಅದೇ ಗಲಾಟೆಗೆ ಸಾಮಾನ್ಯವಾಗಿ ದುಡ್ಡು ಕೊಡಲ್ಲ. ಹಂಗಾಗಿ ಹೋಟೆಲ್ ಬುಕಿಂಗ್ ಫ್ರೀಯಾಗಿ ಕ್ಯಾನ್ಸಲ್ ಮಾಡೋಕೆ ಕೊನೇ ದಿನ ಯಾವುದಿತ್ತೋ ಅದೇ ನಮ್ಮ ಗಡುವು ಅಂತ ಇಟ್ಕೊಂಡ್ವಿ.

ಅಷ್ಟರಲ್ಲಿ ಏರ್‌ಪೋರ್ಟ್ ತೆರೀತು, 12ಕ್ಕೆ ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿ ಆದ್ರು, ಕರ್ಫ್ಯೂನೂ ತೆಗೆದ್ರು. ನಾವಿಬ್ಬರೇ ಆಗಿದ್ರೆ ಹೊರಡ್ತಿದ್ವಿ. ಮಾವನ್ನ ಕರ್ಕೊಂಡು ಹೋಗೋಕೆ ನಂಗೆ ಧೈರ್ಯ ಸಾಲಲಿಲ್ಲ, ಗಡುವಿನ ದಿನ ಹೋಟೆಲ್ ಬಿಟ್ಟು, ಟಿಕೆಟಿಗೆ ಚೇಂಜ್ ಚಾರ್ಜ್ ಜೊತೆ ದರದ ವ್ಯತ್ಯಾಸ ಕಟ್ಟಿ ನವೆಂಬರಿಗೆ ಹಾಕಿಸಿದೆ, ಪೂರ್ತಿ ಕ್ಯಾನ್ಸಲ್ ಮಾಡಿದ್ರೆ ಹೋಗ್ತಿದ್ದ ದುಡ್ಡಿಗಿಂತ ಅದು ಕಮ್ಮಿನೇ ಆಯ್ತು.